ಅಧಿಕೃತ ಎಂಬ ಬೋರ್ಡು

ಎರಡು ರಿಮೋಟುಗಳಲ್ಲಿ ಒಂದರ ಕೆಂಪು ಗುಂಡಿ ತುಸು ಉಬ್ಬಿತ್ತು, ಇನ್ನೊಂದರದು ಸಪಾಟಾಗಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೆ ತಿಳಿಯುವಷ್ಟೇ ವ್ಯತ್ಯಾಸ. ಕಣ್ಣು ತೆರೆದರೆ ಇನ್ನೊಂದು ಕಾಣುತ್ತಿತ್ತು: ಉಬ್ಬು ಗುಂಡಿಯದರ ತಳದಲ್ಲಿ ಟಿವಿ ಕಂಪನಿಯ ಹೆಸರಿತ್ತು, ಸಪಾಟು ಗುಂಡಿಯದರಲ್ಲಿ ಆ ಜಾಗ ಖಾಲಿ ಇತ್ತು.

ಗ್ರಾಂಟ್ ರೋಡಿನ ಒಂದು ಚಿಕ್ಕ ಅಂಗಡಿಯ ಕೌಂಟರಿನ ಮೇಲೆ ನಾನು ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೆ. ಉಬ್ಬು ಗುಂಡಿಯದು ಕಂಪನಿಯೇ ಮಾಡಿದ್ದು, ಡಿಸ್ಟ್ರಿಬ್ಯೂಟರ್ ಮೂಲಕ ಬಿಲ್ಲಿನೊಂದಿಗೆ ಬಂದದ್ದು. ಸಪಾಟು ಗುಂಡಿಯದು ಭಾಂಡುಪಿನ ಒಂದು ಗಾಳೆಯಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ತಯಾರಾದದ್ದು, ಆದರೆ ಅದೇ ಟಿವಿಗೆ ಸರಿಯಾಗಿ ನಡೆಯುವಂಥದ್ದು. ಅಂಗಡಿಯ ಯಜಮಾನರು ವಿಜಯಪುರದ ಕಡೆಯವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಒಳಗೆ ಕೂತು ಪಾರ್ಸೆಲ್ ಕಟ್ಟುತ್ತಿದ್ದ ಅವರ ಹೆಂಡತಿಯನ್ನು ಕಾಕು.

ನನ್ನ ಕೆಲಸ ಹೇಳಿದರೆ ಮನೆಯವರಿಗೇ ಪೂರ್ತಿ ಅರ್ಥವಾಗುವುದಿಲ್ಲ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವ ವ್ಯಾಪಾರಿಗಳ ಸಾಮಾನಿಗೆ ಶೀರ್ಷಿಕೆ, ವಿವರ ಬರೆದುಕೊಡುವ ಸಣ್ಣ ಕಚೇರಿ ನಮ್ಮದು, ಘಾಟ್ಕೋಪರಿನಲ್ಲಿ. ಓದಿದ್ದು ಅರ್ಥಶಾಸ್ತ್ರ, ಬರೆಯುವುದು ರಿಮೋಟು, ಕುಕ್ಕರ್ ಗ್ಯಾಸ್ಕೆಟ್ಟು, ಮಿಕ್ಸರ್ ಜಾರಿನ ಬಗ್ಗೆ. ನನಗೆ ಅದರಲ್ಲಿ ಬೇಸರವಿಲ್ಲ. ಒಂದು ವಸ್ತುವನ್ನು ನೋಡದವರಿಗೆ ಒಂದೇ ಸಾಲಿನಲ್ಲಿ ಅದು ಏನೆಂದು ತಿಳಿಸಬೇಕು, ಇಲ್ಲದ್ದನ್ನು ತಿಳಿಸಬಾರದು. ಅಂಥ ಎಷ್ಟೋ ಸಾಲು ಬರೆದ ಮೇಲೂ ಅದು ನನಗೆ ಪೂರ್ತಿ ಕೈವಶವಾಗಿಲ್ಲ.

ಕಾಕಾ ನಮ್ಮಲ್ಲಿಗೆ ಬಂದದ್ದು ಪೆಟ್ಟು ಬಿದ್ದ ಮೇಲೆ. ತಮ್ಮ ಶೀರ್ಷಿಕೆಗಳನ್ನು ಅಲ್ಲಿಯವರೆಗೆ ತಾವೇ ಬರೆದುಕೊಂಡಿದ್ದರು. ಭಾಂಡುಪಿನ ರಿಮೋಟಿನ ಶೀರ್ಷಿಕೆ ಟಿವಿ ಕಂಪನಿಯ ಹೆಸರಿನಿಂದಲೇ ಶುರುವಾಗುತ್ತಿತ್ತು, 'ಅಧಿಕೃತ ಡೀಲರ್' ಎಂಬಲ್ಲಿ ಮುಗಿಯುತ್ತಿತ್ತು. ಬ್ರ್ಯಾಂಡ್ ಯಾವುದು ಎಂದು ಕೇಳುವ ಚೌಕದಲ್ಲೂ ಅದೇ ಕಂಪನಿಯ ಹೆಸರು. ಕಂಪನಿಯವರು ಟ್ರೇಡ್‌ಮಾರ್ಕ್ ದೂರು ಕೊಟ್ಟರು. ಮಾರುಕಟ್ಟೆಯವರು ಆ ಪುಟವನ್ನು ತೆಗೆದುಹಾಕಿದರು, ಇನ್ನೊಂದು ಇಂಥ ದೂರು ಬಂದರೆ ಖಾತೆಯನ್ನೇ ಮುಚ್ಚಬೇಕಾದೀತು ಎಂದು ಎಚ್ಚರಿಸಿದರು. ರಸ್ತೆಯಿಂದ ಒಳಗೆ ಬರುವ ಗಿರಾಕಿ ಕಡಿಮೆಯಾಗಿ ಬಹಳ ಕಾಲವಾಗಿತ್ತು. ಖಾತೆ ಹೋದರೆ ಅಂಗಡಿಯ ಶಟರ್ ಎಳೆಯುವುದೇ ಸೈ ಎಂದು ಕಾಕಾ ಫೋನಿನಲ್ಲಿ ಹೇಳಿದ್ದರು. ನಿಜವಾದ ಕಂಪನಿ ರಿಮೋಟಿನ ಪುಟ ಇನ್ನೂ ಜೀವಂತವಿತ್ತು, ಅದರ ಕೊನೆಯಲ್ಲೂ 'ಅಧಿಕೃತ ಡೀಲರ್' ಎಂದೇ ಇತ್ತು. ಎರಡನೆಯ ದೂರು ಅಲ್ಲಿಂದಲೇ ಬರಬಹುದಿತ್ತು.

ಮಾರುಕಟ್ಟೆಯವರಿಗೆ ಮೇಲ್ಮನವಿ ಸಲ್ಲಿಸಲು ಕಂಪನಿಯ ಅಧಿಕಾರ ಪತ್ರ ಬೇಕೆಂದು ಕೇಳಿದೆ. ಕಾಕಾ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ಒಂದು ಫೋಟೋ. ಅಂಗಡಿಯ ಮೇಲಿನ ಬೋರ್ಡು: ಕಂಪನಿಯ ಹೆಸರು ದೊಡ್ಡದಾಗಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಅಧಿಕೃತ ಡೀಲರ್, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಕಾನ ಅಂಗಡಿಯ ಹೆಸರು. ಚೆಂಡುಹೂವಿನ ಮಾಲೆ ಬೇರೆ ಹಾಕಿತ್ತು. ಇದನ್ನು ನೋಡದೆ ಉತ್ತರ ಬರೆಯುವುದು ಸರಿಯಲ್ಲ ಅನಿಸಿತು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ.

ಬೋರ್ಡು ಫೋಟೋದಲ್ಲಿದ್ದ ಹಾಗೆಯೇ ಇತ್ತು. ನನಗೆ ವಿಚಿತ್ರ ಕಂಡದ್ದು ಅದಲ್ಲ. ಎಡಗಡೆಯ ಅಂಗಡಿಗೂ ಅದೇ ಬೋರ್ಡು, ಎದುರಿನ ಚಾರ್ಜರ್ ಮಾರುವವನಿಗೂ ಅದೇ. ಮೂಲೆಯಲ್ಲಿ ಟಿವಿಯನ್ನೇ ಮಾರದ, ಬರೀ ವೈರು ಮಾರುವ ಒಬ್ಬರ ತಲೆಯ ಮೇಲೂ ಅದೇ ಹೆಸರು, ಅದೇ ಬಣ್ಣ, ಅದೇ ಮಾತು. ಇಡೀ ಗಲ್ಲಿ ಅಧಿಕೃತವಾಗಿತ್ತು.

"ಇದು ನಿಮಗ ಯಾರು ಕೊಟ್ಟರು, ಕಾಕಾ?"

"ಯಾರ ಕೊಡತಾರವಾ, ಕಂಪನಿ ಮಂದೀನ ಬಂದ ಹಾಕಿ ಹೋಗ್ಯಾರ. ಹತ್ತ ಹನ್ನೆರಡ ವರ್ಷ ಆತು. ಅಧಿಕೃತ ಅಲ್ದಿದ್ರ ಬೋರ್ಡ್ ಯಾಕ ಹಾಕತಿದ್ರು?"

ಆ ಬೀದಿಯ ಲೆಕ್ಕದಲ್ಲಿ ಬೋರ್ಡೇ ಪತ್ರ. ಅದನ್ನು ಕದ್ದು ತಂದದ್ದಲ್ಲ, ಬರೆಸಿದ್ದೂ ಅಲ್ಲ. ಏಣಿ ಹಿಡಿದು ಬಂದವರೇ ಮೊಳೆ ಹೊಡೆದು ಚಹಾ ಕುಡಿದು ಹೋಗಿದ್ದರು.

ಒಳಗಿನಿಂದ ಕಾಕು ಟೇಪು ಹರಿಯುತ್ತಲೇ ಮಾತು ಸೇರಿಸಿದರು. "ದಸರಾಕ್ಕ ತಕ್ಕಡಿ ಪೂಜಾ ಮರತಾರು, ಬೋರ್ಡಿನ ಪೂಜಾ ಮರಿಯೂದಿಲ್ಲ. ಮದುವಿ ಫೋಟೋಕ್ಕ ಒಂದ ಮಾಲಿ ಹಾಕಂದ್ರ, ಅದು ಸತ್ತವರಿಗೆ ಹಾಕೂದು ಅಂತಾರ."

ಕಾಕಾ ಕೇಳಿಸದವರಂತೆ ನನಗೆ ಸ್ಟೂಲು ಸರಿಸಿದರು.

ಬರುವ ಮೊದಲು ನಮ್ಮ ಕಚೇರಿಗೆ ಸಲಹೆ ಕೊಡುವ ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡಿದ್ದೆ. ನಾನು ಅಂದುಕೊಂಡದ್ದಕ್ಕಿಂತ ವಿಷಯ ಸೂಕ್ಷ್ಮವಾಗಿತ್ತು. ಬೇರೆ ಕಂಪನಿಯ ಹೆಸರನ್ನು ಎತ್ತಲೇಬಾರದು ಎಂದು ಕಾನೂನು ಹೇಳುವುದಿಲ್ಲ. ಒಂದು ಬಿಡಿಭಾಗ ಯಾವ ಯಂತ್ರಕ್ಕೆ ಕೂರುತ್ತದೆ ಎಂದು ತಿಳಿಸಲು ಆ ಹೆಸರು ಬೇಕಾದರೆ, ಬೇಕಾದಷ್ಟೇ ಹೇಳಬಹುದು. ಕೊಳ್ಳುವವನಿಗೆ ಅದು ಆ ಕಂಪನಿಯಿಂದಲೇ ಬಂದದ್ದು ಎಂಬ ಭ್ರಮೆ ಹುಟ್ಟಬಾರದು. ಕಂಪನಿಯ ಅಸಲಿ ಮಾಲನ್ನು ನ್ಯಾಯವಾಗಿ ಕೊಂಡು ಅದೇ ಹೆಸರಿನಲ್ಲಿ ಮರುಮಾರಾಟ ಮಾಡುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ, ಅದನ್ನು ಕೆಡಿಸಿ ಬದಲಿಸದಿದ್ದರೆ ಸಾಕು. ಆದರೆ 'ಅಧಿಕೃತ' ಎಂಬುದು ವಸ್ತುವಿನ ವಿವರ ಅಲ್ಲ. ತನಗೂ ಕಂಪನಿಗೂ ಒಂದು ಸಂಬಂಧವಿದೆ ಎಂಬ ಹೇಳಿಕೆ. ಆ ಸಂಬಂಧವನ್ನು ಕೊಡಬೇಕಾದವರು ಕಂಪನಿಯವರು, ಅಥವಾ ಅವರು ಆ ಹಕ್ಕು ಕೊಟ್ಟವರು. ಇಷ್ಟಾದರೂ ಮಾರುಕಟ್ಟೆಯವರ ನಿಯಮ ಕಾನೂನಿಗಿಂತ ಬಿಗಿಯಾಗಿರಬಹುದು, ಅದನ್ನೂ ಓದಿ ನೋಡು ಎಂದು ವಕೀಲರು ಹೇಳಿದ್ದರು.

ಅದನ್ನೆಲ್ಲ ಕಾಕಾಗೆ ನಿಧಾನವಾಗಿ ಹೇಳಿದೆ. ಬ್ರ್ಯಾಂಡಿನ ಚೌಕ ಕೇಳುವುದು ಇದನ್ನು ಮಾಡಿದವರು ಯಾರು ಎಂದು, ಯಾವ ಟಿವಿಗೆ ನಡೆಯುತ್ತದೆ ಎಂದಲ್ಲ. ಭಾಂಡುಪಿನಲ್ಲಿ ಮಾಡಿದ್ದಕ್ಕೆ ಅಲ್ಲಿ ಟಿವಿ ಕಂಪನಿಯ ಹೆಸರು ಸುಳ್ಳಾಗುತ್ತದೆ ಎಂದೆ. ಅವರು ಒಪ್ಪಲಿಲ್ಲ. ನಲವತ್ತು ವರ್ಷ ಈ ಬೀದಿಯಲ್ಲಿ ಗಿರಾಕಿ ಬಂದು ಕೇಳುವುದೇ ಕಂಪನಿಯ ಹೆಸರು ಹೇಳಿ, ತಾವು ಕೊಡುವುದೂ ಅದೇ ಹೆಸರಿನಿಂದ ಎಂದರು. ಇಲ್ಲಿ ಗಿರಾಕಿ ಎದುರಿಗೆ ನಿಂತಿರುತ್ತಾನೆ, ಕಂಪನಿದು ಬೇಕೋ ಲೋಕಲ್ ಬೇಕೋ ಎಂದು ನೀವೇ ಕೇಳುತ್ತೀರಿ, ಫೋನಿನಲ್ಲಿ ನೋಡುವವನಿಗೆ ಆ ಪ್ರಶ್ನೆ ಕೇಳುವವರಿಲ್ಲ ಎಂದೆ.

ಹಾಗಾದರೆ ಬೋರ್ಡಿನ ಫೋಟೋ ಕಳಿಸಿಯೇ ಬಿಡೋಣ, ಕಂಪನಿಯವರು ನೋಡಿಯಾದರೂ ಸುಮ್ಮನಾಗುತ್ತಾರೆ ಎಂದರು ಕಾಕಾ. ಪತ್ರವಿಲ್ಲದೆ ಅದನ್ನು ಕಳಿಸಿದರೆ ನಮ್ಮ ಕೈಯಾರೆ ಇನ್ನೊಂದು ದೂರಿಗೆ ಸಾಕ್ಷಿ ಕೊಟ್ಟಂತಾಗಬಹುದು ಎಂದೆ. ಬೋರ್ಡು ಹಾಕಿಸಿದವರನ್ನೇ ಒಂದು ಮಾತು ಕೇಳಿ ನೋಡೋಣ ಎಂದು ನಾನೇ ಸೂಚಿಸಿದೆ. ಆ ಕುತೂಹಲ ಕಾಕಾನಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಹೇಳಲಾರೆ. ಏಣಿ ಹಿಡಿದು ಬಂದವರು ಯಾರ ಪರವಾಗಿ ಬಂದಿದ್ದರು ಎಂದು ನನಗೆ ತಿಳಿಯಬೇಕಿತ್ತು.

ಬೋರ್ಡು ಬಂದ ಕಾಲದಲ್ಲಿ ಕಂಪನಿಯ ಮಾಲು ಕೊಡುತ್ತಿದ್ದ ಹಳೆಯ ಡಿಸ್ಟ್ರಿಬ್ಯೂಟರಿಗೆ ಕಾಕಾ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಮೊದಲು ಹಿಂದಿಯಲ್ಲಿ ಕುಶಲ, ಮಂಡಿನೋವು, ಈ ಸಲದ ಸೆಖೆ. ನಂತರ ಕಾಕಾ ಪತ್ರದ ಮಾತೆತ್ತಿದರು. ಅತ್ತ ಕಡೆಯವರು ನಕ್ಕರು, ಆದರೆ ಕೆಟ್ಟದಾಗಿ ನಗಲಿಲ್ಲ. ಪತ್ರ ಕೊಡುವುದು ಕಂಪನಿ, ತಾವಲ್ಲ. ಮಾಲು ಕೊಟ್ಟದ್ದಕ್ಕೆ ತಾವು ಬಿಲ್ಲು ಕೊಟ್ಟಾಗಿದೆ, ಅದಕ್ಕಿಂತ ಹೆಚ್ಚಿನದು ತಮ್ಮ ಕೈಯಲ್ಲಿಲ್ಲ ಎಂದರು. ಬೋರ್ಡು? ಕಾಕಾ ಕೇಳಿದರು.

"ಅದು ಜಾಹೀರಾತು, ಸೇಠ್. ಇಡೀ ಗಲ್ಲಿಗೆ ಹಾಕಿಸಿದ್ವಿ. ಬಿಸ್ಕತ್ತಿನ ಕಂಪನಿ ಕಿರಾಣಿ ಅಂಗಡಿಗೆ ಹಾಕೋದಿಲ್ಲವಾ? ಹಾಗೇ."

ಫೋನು ಇಟ್ಟ ಮೇಲೆ ಕಾಕಾ ಹೊರಗೆ ಹೋಗಿ ಮೇಲೆ ನೋಡಿದರು. ನಂತರ ಪಕ್ಕದ ಅಂಗಡಿಯ ಬೋರ್ಡು, ಎದುರಿನದು, ಮೂಲೆಯದು. ದಿನವೂ ಕಂಡದ್ದನ್ನೇ ಒಂದೊಂದಾಗಿ ನೋಡಿದರು. ನಾನು ಎರಡೂ ರಿಮೋಟುಗಳನ್ನು ಡಬ್ಬಿಗೆ ಹಾಕಿದೆ.

ಚುಚ್ಚುತ್ತಾರೆ ಎಂದು ನಾನು ಕಾಯುತ್ತಿದ್ದ ಕಾಕು ಚುಚ್ಚಲಿಲ್ಲ. ಚಹಾ ತಂದು ಅವರ ಕೈಗೆ ಕೊಟ್ಟು, "ಬಿಸ್ಕೀಟ ಬೇಡಲ್ಲ?" ಎಂದಷ್ಟೇ ಕೇಳಿದರು. ಕಾಕಾಗೆ ನಗು ಬಂತು, ಬೇಡವೆಂದರೂ ಬಂತು.

ಕೂತ ಮೇಲೆ ಅವರು ಕೇಳಿದ್ದು ಬೋರ್ಡಿನ ಬಗ್ಗೆ ಅಲ್ಲ. "ಕಂಪನಿ ಹೆಸರ ಪೂರಾ ತಗದ್ರ ನನ್ನ ರಿಮೋಟ್ ಯಾರ ಹುಡುಕತಾರ?"

ಪೂರಾ ತೆಗೆಯಬೇಕಿಲ್ಲ ಎಂದೆ. ಭಾಂಡುಪಿನ ಗಾಳೆಯವರು ತಮ್ಮ ಡಬ್ಬಿಯ ಮೇಲೆ ಹಾಕುವ ಹೆಸರೇ ಮುಂದೆ ಬರಲಿ, ಬ್ರ್ಯಾಂಡಿನ ಚೌಕದಲ್ಲೂ ಅದೇ. ಆಮೇಲೆ ಯಾವ ಕಂಪನಿಯ, ಯಾವ ಮಾದರಿಯ ಟಿವಿಗೆ ಹೊಂದುತ್ತದೆ ಎಂಬುದು. ವಿವರದಲ್ಲಿ, ಇದು ಆ ಕಂಪನಿ ಮಾಡಿದ್ದಲ್ಲ ಎಂಬ ಒಂದು ಸಾಲು. ಫೋಟೋದಲ್ಲಿ ಅವರ ಚಿಹ್ನೆ ಬೇಡ. ಅಸಲಿ ರಿಮೋಟಿನ ಪುಟದಲ್ಲಿ ಕಂಪನಿಯ ಹೆಸರು ಇರಲಿ, ಬಿಲ್ಲುಗಳನ್ನು ಜೋಡಿಸಿಟ್ಟುಕೊಳ್ಳಿ. 'ಅಧಿಕೃತ' ಮಾತ್ರ ಎರಡೂ ಕಡೆ ಹೋಗಬೇಕು. ಬೋರ್ಡಿನ ಮಾತೂ ಇದೇ, ಆದರೆ ಅದನ್ನು ನಿಮ್ಮ ಪುರಸೊತ್ತಿನಲ್ಲಿ ನೋಡಿ ಎಂದೆ.

"ಹಂಗ ಮಾಡಿದ್ರ ಖಾತೆ ಉಳದೀತೇನು?"

"ಗೊತ್ತಿಲ್ರಿ, ಕಾಕಾ. ದೂರು ವಾಪಸ್ ತಗೋಳೂದು ಅವರ ಕೈಯಾಗೈತಿ. ಎರಡನೇ ದೂರಿಗೆ ನಾವು ಜಾಗ ಕೊಡಬಾರದು, ಅಷ್ಟ."

ಲ್ಯಾಪ್‌ಟಾಪು ತೆರೆದು ಮೊದಲು ಅಸಲಿ ರಿಮೋಟಿನ ಪುಟದಿಂದ ಆ ಪದವನ್ನು ಅವರ ಎದುರಿಗೇ ಅಳಿಸಿದೆ. ಆಮೇಲೆ ದೂರು ಕೊಟ್ಟವರಿಗೆ ಉತ್ತರ. ನಾನು ಕಚೇರಿಯ ಭಾಷೆಯಲ್ಲಿ ಎರಡು ಸಲ ಶುರುಮಾಡಿ ಎರಡು ಸಲ ಅಳಿಸಿದೆ. ಕಾಕಾ ಪರದೆಯನ್ನು ಓದುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದರು.

"ಹಿಂಗ ಬರಿ," ಎಂದರು. "ನಾ ಅವರಾಂವ ಅಲ್ಲ. ಅವರ ಟಿವಿಗೆ ನಡಿಯೂ ರಿಮೋಟ್ ಮಾರತೀನಿ. ಅಷ್ಟ."

ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಪುಟ ತೆಗೆದದ್ದನ್ನು ಒಪ್ಪುತ್ತೇವೆ, ಆ ಪದವನ್ನು ಇನ್ನು ಬಳಸುವುದಿಲ್ಲ, ದೂರನ್ನು ಹಿಂಪಡೆಯಲು ಕೋರುತ್ತೇವೆ ಎಂದು ಸೇರಿಸಿದೆ. ಕಾಕಾ ತಾವೇ ಬೆರಳಿಟ್ಟು ಕಳಿಸಿದರು. ದೂರನ್ನು ಕಂಪನಿಯವರು ಕೆಲವು ವಾರಗಳ ನಂತರ ಹಿಂಪಡೆದರು, ಖಾತೆ ಉಳಿಯಿತು. ಆ ಸಂಜೆ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಕು ನನಗೆ ಶೇಂಗಾ ಚಟ್ನಿ ಕಟ್ಟಿಕೊಟ್ಟರು, ನಾನು ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ. ನಮ್ಮ ಎಲ್ಲ ವ್ಯಾಪಾರಿಗಳ ಶೀರ್ಷಿಕೆಗಳಲ್ಲಿ 'ಅಧಿಕೃತ' ಎಂಬ ಪದವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ನಾನು ಊಹಿಸಿದ್ದಕ್ಕಿಂತ ಹೆಚ್ಚು ಕಡೆ ಇತ್ತು. ಮೊದಲನೆಯವರು ನೀರಿನ ಫಿಲ್ಟರಿನ ಕ್ಯಾಂಡಲ್ ಮಾರುವವರು. ಫೋನು ಮಾಡಿ, ನೀವು ಅಧಿಕೃತರೆಂದು ಕಂಪನಿಯವರು ಬರೆದುಕೊಟ್ಟ ಪತ್ರ ಇದೆಯೇ ಎಂದು ಕೇಳಿದೆ. ಅವರು ಒಂದು ನಿಮಿಷ ಇರಿ ಎಂದರು. ನಾನು ಫೋನನ್ನು ಕಿವಿಗೆ ಹಿಡಿದು, ಅವರು ಡ್ರಾಯರು ಎಳೆಯುವ ಸದ್ದು ಕೇಳುತ್ತಾ ಕಾದೆ.