ಕಾರ್ನಬಿ ಬೀದಿಯ ಫೋಟೋ

ನನ್ನ ಅಣ್ಣ ಅಚಿಂತ್ಯ ಲಂಡನ್ನಿನ ಇಲ್ಫರ್ಡಿನಲ್ಲೇ ಹುಟ್ಟಿ ಬೆಳೆದವನು. ಆದರೂ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಮೆರಿಕದವರ ಹಾಗೆ ಬಾಯಿ ತಿರುಗಿಸಿ ಹಾಡುತ್ತಿದ್ದ. 1992ರ ಮಾತು. ಅವನಿಗೆ ಹುಚ್ಚು ಹಿಡಿಸಿದ ತಂಡದ ಹೆಸರು ನಿರ್ವಾಣ. ಅದನ್ನು ಕೇಳಿ ನಮ್ಮಮ್ಮ ಕೃಷ್ಣವೇಣಿ ಯಾವುದೋ ಬೌದ್ಧ ಭಜನೆ ಇರಬೇಕು ಅಂದುಕೊಂಡಿದ್ದಳು. ಕ್ಯಾಸೆಟ್ ಹಾಕಿದ ಮೇಲೆ ಅಡುಗೆಮನೆಯಿಂದ ಓಡಿ ಬಂದಳು.

ಅಣ್ಣ, ಅವನ ಶಾಲೆಯ ಗೆಳೆಯ ಕಾಲಿನ್, ಇನ್ನಿಬ್ಬರು ಸೇರಿ ಕಟ್ಟಿದ ತಂಡ ನಮ್ಮ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿತ್ತು. ಅಣ್ಣ ಗಿಟಾರಿನ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿಕೊಳ್ಳುತ್ತಿದ್ದ. ಆಮೇಲೆ ಒಂದೇ ಬೆರಳನ್ನು ಅಡ್ಡ ಇಟ್ಟರೂ ಸಾಕು, ಗುಡುಗಿನಂಥ ಸದ್ದು. ಕಾಲಡಿಯ ಪೆಡಲ್ ಒತ್ತಿದರೆ ಅದು ಹರಿದು ಚಿಂದಿಯಾಗುತ್ತಿತ್ತು. ಚರಣ ಪಿಸುಮಾತಿನಲ್ಲಿ, ಪಲ್ಲವಿ ಕಿರುಚಾಟದಲ್ಲಿ. ಕಾಲಿನ್ ತೂತುಬಿದ್ದ ಸ್ವೆಟರ್ ಹಾಕಿಕೊಂಡು, ತಾನು ಎಂದೂ ಕಾಣದ, ನಿರ್ವಾಣದವರ ಊರಾದ ಸಿಯಾಟಲಿನ ದುಃಖವನ್ನೆಲ್ಲ ಹಾಡುತ್ತಿದ್ದ.

1994ರ ವಸಂತದ ಹೊತ್ತಿಗೆ ಗಾಳಿ ತಿರುಗಿತು. ನಿರ್ವಾಣದ ಹಾಡುಗಾರ ತೀರಿಕೊಂಡ. ಅದಕ್ಕೂ ಮುಂಚೆಯೇ ಇಲ್ಲಿನ ಸಂಗೀತ ಪತ್ರಿಕೆಗಳು ಅಮೆರಿಕದ ಗೋಳು ಸಾಕು, ನಮ್ಮದನ್ನು ನಾವು ಹಾಡೋಣ ಎಂದು ಬರೆಯತೊಡಗಿದ್ದವು. ಬ್ಲರ್ ತಂಡದವರು ಲಂಡನ್ ಮಾತಿನಲ್ಲೇ ಲಂಡನ್ನಿನ ಜನರ ಬಗ್ಗೆ ಹಾಡಿ ಗೆದ್ದಿದ್ದರು. ಈ ಹೊಸ ಅಲೆಗೆ ಬ್ರಿಟ್‌ಪಾಪ್ ಎಂಬ ಹೆಸರು ಬಿತ್ತು. ಕಾಲಿನ್ ಕೂದಲು ಕತ್ತರಿಸಿ, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ ತೊಟ್ಟು ಬಂದ.

"ಇನ್ನು ಮೇಲೆ ನಾವೂ ಹಾಗೇ," ಎಂದ.

ಅಂಗಿ ಬದಲಾಯಿಸುವುದು ಸುಲಭ, ಹಾಡು ಬದಲಾಯಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಈ ಹೊಸ ತಂಡಗಳೆಲ್ಲ ಅರವತ್ತರ ದಶಕದ ಹಾಡುಗಳಿಂದ ಕಲಿಯುತ್ತಿದ್ದವು. ಆ ಹಾಡುಗಳು ನಮ್ಮ ಮನೆಯ ಮುಂಗೋಣೆಯ ಕಪಾಟಿನಲ್ಲೇ ಇದ್ದವು.

ನಮ್ಮಪ್ಪ ಡಾಕ್ಟರ್ ಸತ್ಯಪ್ರಕಾಶ ಮೈಸೂರಿನಿಂದ 1965ರಲ್ಲಿ ಬಂದವರು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಮಾತಿಗೆ ಯಾರೂ ಇಲ್ಲವೆಂದು ಒಂದು ರೆಕಾರ್ಡ್ ಪ್ಲೇಯರ್ ಕೊಂಡರಂತೆ. ಕಿಂಕ್ಸ್, ಬೀಟಲ್ಸ್, ಸ್ಮಾಲ್ ಫೇಸಸ್ ರೆಕಾರ್ಡುಗಳು ಒಂದೊಂದಾಗಿ ಮನೆ ಸೇರಿದ್ದವು. ಭಾನುವಾರ ದೋಸೆ ತಿನ್ನುವಾಗ ನಾವು ಕೇಳುತ್ತಿದ್ದದ್ದು ಅದನ್ನೇ. ಅಣ್ಣನಿಗೆ ಮಾತ್ರ ಅದು ಮುದುಕರ ಸಂಗೀತವಾಗಿತ್ತು.

ಒಂದು ಭಾನುವಾರ ಸ್ಮಾಲ್ ಫೇಸಸ್ ರೆಕಾರ್ಡ್ ಓಡುತ್ತಿದ್ದಾಗ ಅವನು ಗಿಟಾರ್ ತಂದು ಅಪ್ಪನ ಪಕ್ಕ ಕೂತ.

"ಅಪ್ಪ, ಇದನ್ನ ಇನ್ನೊಂದ್ಸಲ ಹಾಕ್ತೀರಾ?"

ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟರು. "ಈ ಹುಡುಗ್ರು ಇಲ್ಲೇ ಮ್ಯಾನರ್ ಪಾರ್ಕ್ ಕಡೆಯೋರು ಕಣೋ. ನಮ್ಮ ಪಕ್ಕದ ಬೀದಿಯೋರು ಇದ್ದ ಹಾಗೆ."

ಅಂದಿನಿಂದ ಅದೇ ಕೆಲಸ. ಅಪ್ಪನಿಗೆ ಸಂಗೀತಶಾಸ್ತ್ರ ಬರುತ್ತಿರಲಿಲ್ಲ. "ಇಲ್ಲಿ ಏನೋ ಆಗತ್ತೆ ನೋಡು, ಹೊಟ್ಟೆಯೊಳಗೆ ಚುರ್ ಅನ್ನತ್ತೆ," ಎನ್ನುತ್ತಿದ್ದರು. ಅಣ್ಣ ಆ ಜಾಗವನ್ನು ಹುಡುಕುತ್ತಿದ್ದ. ಒಂದು ಕಡೆ ಮೇಲಿನ ಸ್ವರಗಳು ನಿಂತಲ್ಲೇ ನಿಂತಿರಲು ಕೆಳಗಿನ ಬೇಸ್ ಮಾತ್ರ ಮೆಟ್ಟಿಲಿಳಿಯುತ್ತಿತ್ತು. ಇನ್ನೊಂದು ಕಡೆ ಎಫ್ ಮೇಜರ್ ಸ್ವರಗುಚ್ಛ ಹಿಡಿದು ಒಂದೇ ಬೆರಳೆತ್ತಿದರೆ ಎಫ್ ಮೈನರ್. ನಗುತ್ತಿದ್ದ ಹಾಡಿನ ಮುಖ ಅಷ್ಟಕ್ಕೇ ಬಾಡುತ್ತಿತ್ತು. ಚಿಂದಿ ಸದ್ದಿನ ಪೆಡಲ್ ಮೂಲೆ ಸೇರಿತು. ಹಳೆಯ ವಾಕ್ಸ್ ಆಂಪ್ಲಿಫೈಯರ್ ಬಂತು, ತಂತಿಗಳು ಗಂಟೆಯ ಹಾಗೆ ಮೊಳಗಿದವು. ಅಣ್ಣ, ಕಾಲಿನ್ ಇಬ್ಬರೂ ಜೊತೆದನಿಯಲ್ಲಿ ಹಾಡಲು ಕಲಿತರು. ಅಮೆರಿಕದ ಉಚ್ಚಾರ ಬಿಟ್ಟು ತಮ್ಮ ನಾಲಿಗೆಯ ಈಸ್ಟ್ ಲಂಡನ್ ಇಂಗ್ಲಿಷಿಗೆ ಮರಳಿದರು. ಅಣ್ಣ ಬರೆದ ಹಾಡಿನಲ್ಲಿ ಒಬ್ಬ ಡಾಕ್ಟರ್ ಇದ್ದ. ಬೆಳಿಗ್ಗೆ ಡಿಸ್ಟ್ರಿಕ್ಟ್ ಲೈನ್ ರೈಲು ಹತ್ತಿ, ದಾರಿಯುದ್ದಕ್ಕೂ ಹಳೆಯ ಹಾಡನ್ನು ಗುನುಗುವವನು.

ಅಪ್ಪ ಅದನ್ನು ಕೇಳಿ, "ಇದು ನಾನೇ ಅಲ್ವೇನೋ?" ಎಂದರು. ಅಣ್ಣ ನಕ್ಕ.

ಆ ಹಾಡಿನಿಂದಲೇ ಒಂದು ಸಣ್ಣ ರೆಕಾರ್ಡ್ ಕಂಪನಿ ತಂಡವನ್ನು ಕರೆಯಿತು. 1995ರ ಜೂನಿನಲ್ಲಿ ಫೋಟೋ ತೆಗೆಯಲು ಕಾರ್ನಬಿ ಬೀದಿಗೆ ಹೋದರು. ಅರವತ್ತರ ದಶಕದಲ್ಲಿ ಫ್ಯಾಷನ್ನಿಗೆ ಹೆಸರಾದ ಬೀದಿ ಅದು. ನಾನೂ ಜೊತೆಗಿದ್ದೆ. ಬಾಡಿಗೆಯ ಸ್ಕೂಟರ್, ಬಿಗಿಯಾದ ಸೂಟುಗಳು, ಹಿಂದೆ ಹಿಡಿಯಲು ಯೂನಿಯನ್ ಜ್ಯಾಕ್ ಬಾವುಟ. ಆಗ ಎಲ್ಲ ತಂಡಗಳಿಗೂ ಅದೇ ಅಲಂಕಾರ. ಕಂಪನಿಯ ಮನುಷ್ಯ ಕ್ಯಾಮೆರಾದಲ್ಲಿ ಇಣುಕಿ ನೋಡಿ ಅಣ್ಣನನ್ನು ಬದಿಗೆ ಕರೆದ.

"ತಪ್ಪು ತಿಳೀಬೇಡ, ಗೆಳೆಯ. ಈ ಚಿತ್ರ 1966ರ ಥರ ಕಾಣ್ಬೇಕು. ಕೆಲವು ಚಿತ್ರಗಳನ್ನ ನೀನು ಇಲ್ದೆ ತೆಗೆಯೋಣ."

ಅಣ್ಣ ಕಾಲಿನ್ ಕಡೆ ನೋಡಿದ. ಕಾಲಿನ್ ಸ್ಕೂಟರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಕೇಳಿಸಿತ್ತು, ಆದರೆ ತಲೆ ಎತ್ತಲಿಲ್ಲ. ಅಣ್ಣ ಬಾವುಟದ ತುದಿಯನ್ನು ಕೆಳಗಿಟ್ಟು, ಸೂಟಿನ ಕೋಟು ಕಳಚಿ ಕೊಟ್ಟು ನನ್ನ ಜೊತೆ ಟ್ಯೂಬ್ ರೈಲು ಹತ್ತಿದ.

ಅವನು ತಂಡ ಬಿಟ್ಟ. ಹಾಡಿನಲ್ಲಿ ಅವನ ಗಿಟಾರ್ ಮೊದಲೇ ದಾಖಲಾಗಿತ್ತು, ಅದನ್ನು ಹಾಗೇ ಇಟ್ಟುಕೊಂಡರು. ಹಾಡು ಹೊರಬಂದದ್ದು ಆಗಸ್ಟಿನಲ್ಲಿ, ಬ್ಲರ್ ಮತ್ತು ಓಯಸಿಸ್ ತಂಡಗಳು ಒಂದೇ ದಿನ ಹೊಸ ಹಾಡು ಬಿಟ್ಟು ಮೊದಲ ಸ್ಥಾನಕ್ಕೆ ಕಾದಾಡಿದ ವಾರ. ಟೀವಿಯ ವಾರ್ತೆಯಲ್ಲೂ ಅದೇ ಸುದ್ದಿ. ಆ ಗದ್ದಲದಲ್ಲಿ ಅಣ್ಣನ ಹಾಡು ಹುಟ್ಟಿದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅಪ್ಪ ಒಮ್ಮೆ ಮಾತ್ರ ಕಾರಿನ ರೇಡಿಯೋದಲ್ಲಿ ಕೇಳಿದರಂತೆ, ಹಾಡು ಮುಗಿಯುವವರೆಗೆ ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡು.

ಆಮೇಲೆ ಅಂಗಡಿಯಿಂದ ಆ ರೆಕಾರ್ಡ್ ತಂದರು. ಹೊದಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಚಿಂತ್ಯ ಎಲ್ಲಮ್ಮಾ ಇದರಲ್ಲಿ?"

ನಾನು ನಡೆದದ್ದನ್ನು ಹೇಳಿದೆ. ಅಪ್ಪ ಹೊದಿಕೆಯನ್ನು ಮೇಜಿನ ಮೇಲೆ ಮಗುಚಿಟ್ಟರು.

"ಅರವತ್ತಾರರಲ್ಲಿ ಆ ಬೀದೀಲಿ ನಾನಿದ್ದೆ," ಎಂದರು. "ನನ್ನ ಮೊದಲ್ನೇ ಸೂಟು ತೊಗೊಂಡಿದ್ದು ಅಲ್ಲೇ. ಅಂಗಡಿಯೋನು ಹೊರಗೆ ಹಾಕಿದ್ದ ಹಾಡು ಕೇಳ್ಕೊಂಡು ಫುಟ್‌ಪಾತಲ್ಲಿ ನಿಂತಿದ್ದೆ. ನಾವೆಲ್ಲ ಇದ್ವಲ್ಲೇ, ಶರಣ್ಯಾ."

ಆ ಭಾನುವಾರ ಅಪ್ಪ ಸಂಗೀತ ಹಾಕಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಅಮ್ಮ ಒಮ್ಮೆ ತಾನೇ ಹಾಕಲು ಹೋದಾಗ, "ಬೇಡ ಬಿಡು, ಅವರ ಕಾಲದ್ದು ಅದು," ಎಂದರು. ತಮ್ಮದೇ ಯೌವನವನ್ನು ಹೀಗೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದನ್ನು ನೋಡಿ ಅಣ್ಣ ಕುಗ್ಗಿಹೋದ. ಫೋಟೋದಿಂದ ಹೊರಗುಳಿದ ನೋವಿಗಿಂತ ಇದು ದೊಡ್ಡದು ಎಂದು ನನ್ನ ಬಳಿ ಒಮ್ಮೆ ಹೇಳಿಕೊಂಡ.

1997ರ ಕೊನೆಗೆ ಅಲೆ ಇಳಿಯಿತು. ಸಣ್ಣ ಕಂಪನಿಗಳು ಮುಚ್ಚಿದವು, ಕಾಲಿನ್ ತಂಡವೂ ಒಡೆಯಿತು. ಅಣ್ಣ ಮತ್ತೆ ಓದಿ, ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ. 2001ರಲ್ಲಿ ಅಪ್ಪ ಹೃದಯಾಘಾತದಿಂದ ಹೋದರು. ಅಲ್ಲಿಯವರೆಗೂ ಅಪ್ಪ, ಅಣ್ಣ ಇಬ್ಬರೂ ರೆಕಾರ್ಡ್ ಹಾಕಿಕೊಂಡು ಮತ್ತೆ ಹಾಗೆ ಪಕ್ಕಪಕ್ಕ ಕೂತಿದ್ದನ್ನು ನಾನು ನೋಡಲಿಲ್ಲ.

2006ರಲ್ಲಿ ಕಾಲಿನ್ ಫೋನ್ ಮಾಡಿದ. ಈಗ ತೊಂಬತ್ತರ ದಶಕಕ್ಕೇ ಜನ ಹಂಬಲಿಸುತ್ತಿದ್ದಾರೆ, ಒಂದು ಸಂಜೆ ಹಳೆಯ ತಂಡಗಳನ್ನೆಲ್ಲ ಸೇರಿಸುತ್ತಿದ್ದಾರೆ, ನೀನಿಲ್ಲದೆ ಆ ಹಾಡು ಆಗುವುದಿಲ್ಲ ಎಂದ. ಅವತ್ತು ಸುಮ್ಮನಿದ್ದದ್ದು ತಪ್ಪಾಯಿತು ಎಂದೂ ಹೇಳಿದನಂತೆ.

"ನೀನು ಕೇಳಿದ್ದು ಸಂತೋಷ, ಕಾಲಿನ್," ಎಂದ ಅಣ್ಣ. "ಆದ್ರೆ ಅದನ್ನ ಬರೆದಿದ್ದು ಒಬ್ಬರಿಗೋಸ್ಕರ. ಅವರು ಈಗಿಲ್ಲ."

ಫೋನಿಟ್ಟು ಅಮ್ಮನಿಗೆ ಕಾಫಿ ಮಾಡಲು ಒಳಗೆ ಹೋದ. ಅವನು ಲೋಟ ಕೊಟ್ಟಾಗ ಅಮ್ಮ ಅವನ ಮುಂಗೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು.