ಇನಿಷಿಯಲ್ ಇಲ್ಲದ ಮೇಷ್ಟ್ರು

ನನಗೆ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಆದರೆ ಮೇಷ್ಟ್ರ ಕೆಲಸಕ್ಕೆ ಸೇರಿದವನಿಗೆ ಇದು ಅಂಥ ತೊಂದರೆಯೇನಲ್ಲ. ಎದುರಿಗೆ ಬಂದವರನ್ನು "ಏನ್ ಮೇಷ್ಟ್ರೇ" ಎಂದರೆ ಆಯಿತು, ಇಡೀ ಜಿಲ್ಲೆಯ ಮೇಷ್ಟ್ರುಗಳೆಲ್ಲ ಅದರೊಳಗೆ ಬಂದುಬಿಡುತ್ತಾರೆ. ಆಮೇಲೆ "ಈಗ ಯಾವ ಸ್ಕೂಲು?" ಎಂದು ಕೇಳಬೇಕು. ಊರು ಗೊತ್ತಾದರೆ ಎಷ್ಟೋ ಸಲ ಹೆಸರೂ ಹೊಳೆಯುತ್ತದೆ. ಹೊಳೆಯದಿದ್ದರೆ ನನ್ನ ಕೊನೆಯ ಅಸ್ತ್ರ ಒಂದಿತ್ತು: "ನಿಮ್ಮ ಇನಿಷಿಯಲ್ ಏನು ಅಂದ್ರಿ?" ಹೆಸರು ಗೊತ್ತಿದೆ, ಇನಿಷಿಯಲ್ ಮಾತ್ರ ಮರೆತಿದೆ ಎಂಬ ಧಾಟಿಯಲ್ಲಿ ಕೇಳಬೇಕು. ಜನ ಇನಿಷಿಯಲ್ ಜೊತೆ ಪೂರ್ತಿ ಹೆಸರನ್ನೇ ಹೇಳಿಬಿಡುತ್ತಾರೆ. ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಎಂಬತ್ತರ ದಶಕದ ಆರಂಭ. ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ನಮ್ಮನ್ನೆಲ್ಲ ಕೋಲಾರಕ್ಕೆ ಹಾಕಿದ್ದರು. ನಾನು ಮಾಲೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತಂಗಿಯ ಮದುವೆ ಗೊತ್ತಾಗಿತ್ತು. ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು ಚೀಲದಲ್ಲಿದ್ದವು. ಸಿಕ್ಕವರಿಗೆ ಕವರಿನ ಮೇಲೆ ಹೆಸರು ಬರೆದು, ಎರಡೂ ಕೈಯಲ್ಲಿ ಕೊಡುತ್ತಿದ್ದೆ. ಹೆಸರು ಬರೆಯದೆ ಕೊಟ್ಟ ಪತ್ರಿಕೆಯನ್ನು ನಮ್ಮ ಕಡೆ ಕರೆಯೋಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಧ್ಯಾಹ್ನ ಟೀ ಬಿಡುವಿನಲ್ಲಿ ಬೇವಿನ ಮರದ ಕೆಳಗಿಂದ ಒಬ್ಬರು ನನ್ನ ಹೆಸರು ಹಿಡಿದು ಕೂಗಿ, ತೆಲುಗಿನಲ್ಲಿ ಕ್ಷೇಮ ಕೇಳಿದರು. "ಏಮಪ್ಪಾ, ಬಾಗುನ್ನಾರಾ? ಗುರುತು ಸಿಕ್ತಾ?"

ಗುರುತು ಸಿಗದೇನು. ಎಪ್ಪತ್ತರ ದಶಕದಲ್ಲಿ ಗೌನಿಪಲ್ಲಿಯಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿ ಇದ್ದವರು ನಾವು. ನನಗೆ ಟೈಫಾಯಿಡ್ ಆದಾಗ ಬೆಳಿಗ್ಗೆ ಎದ್ದು ರಾಗಿ ಗಂಜಿ ಕಾಯಿಸಿ ಕುಡಿಸಿ, ನನ್ನ ತರಗತಿಗಳನ್ನೂ ಅವರೇ ತೆಗೆದುಕೊಂಡವರು. ಗಂಜಿಯ ಪಾತ್ರೆಯ ಸೊಟ್ಟ ಹಿಡಿ ನೆನಪಿದೆ. ಹೆಸರು ಮಾತ್ರ ಇಲ್ಲ.

"ಮೇಷ್ಟ್ರೇ, ಎಷ್ಟು ವರ್ಷ ಆಯ್ತು" ಎಂದು ಅವರ ಕೈ ಹಿಡಿದುಕೊಂಡೆ. "ಈಗ ಯಾವ ಸ್ಕೂಲು?"

"ಮುಳಬಾಗಿಲು ಕಡೆ." ಮುಳಬಾಗಿಲಿನಿಂದ ನನಗೇನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅವರ ಕಣ್ಣು ಚೀಲದ ಮೇಲೆ ಬಿತ್ತು. "ಮದುವೆನಾ? ನಂಗಿಲ್ವಾ?"

ಕವರು ತೆಗೆದೆ, ಪೆನ್ನಿನ ಮುಚ್ಚಳ ತೆಗೆದೆ. "ಶ್ರೀ" ಎಂದು ಬರೆದು, ತೀರ ಸಹಜವಾಗಿ ಕೇಳಿದೆ: "ನಿಮ್ಮ ಇನಿಷಿಯಲ್ ಏನು ಅಂದ್ರಿ?"

ಅವರು ಮೆಲ್ಲಗೆ ಹೇಳಿದರು. "ನಂಗೆ ಇನಿಷಿಯಲ್ಲೇ ಇಲ್ಲ. ಅಪ್ಪ ಸ್ಕೂಲಿಗೆ ಸೇರಿಸುವಾಗ ಬರೆಸೋಕೆ ಮರ್ತಿದ್ರು. ಬೋಳು ಹೆಸರು ಅಂತ ರೂಮಲ್ಲಿ ದಿನಾ ನೀವೇ ಗೇಲಿ ಮಾಡ್ತಿದ್ರಿ."

ನನ್ನ ಕಿವಿ ಬಿಸಿಯಾಯಿತು. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ಶ್ರೀ" ಮುಂದೆ "ಮೇಷ್ಟ್ರು" ಎಂದು ದುಂಡಗೆ ಬರೆದು, ಕವರನ್ನು ಜೇಬಿಗೆ ಇಟ್ಟುಕೊಂಡರು. "ಬರ್ತೀನಿ ಬಿಡಿ" ಎಂದರು.

ಆಗಲೇ ಉತ್ತರಪತ್ರಿಕೆಯ ಕಟ್ಟು ಹೊತ್ತಿದ್ದ ಅಟೆಂಡರ್ ಒಬ್ಬ ಬಂದು ಅವರ ಮುಂದೆ ನಿಂತ. "ಸಾರ್, ನಾನು ಮುಂಚೆ ಗೌನಿಪಲ್ಲೀಲಿದ್ದೆ. ನಮ್ಮ ಮಗನಿಗೆ ಲೆಕ್ಕ ಹೇಳ್ಕೊಟ್ಟೋರು ನೀವು. ಮುಖ ಮರ್ತಿಲ್ಲ, ಹೆಸರು ಮರ್ತೋಗಿದೆ. ಬೇಜಾರು ಮಾಡ್ಕೋಬೇಡಿ, ಇನ್ನೊಂದ್ ಸಲ ಹೇಳಿ ಸಾರ್."

ಅವರು ನಕ್ಕು ಹೆಸರು ಹೇಳಿದರು. ಅವನ ಮಗನ ಯೋಗಕ್ಷೇಮವನ್ನೂ ವಿಚಾರಿಸಿದರು. ಇಷ್ಟೇ. ಯಾರಿಗೂ ಅವಮಾನವಾಗಲಿಲ್ಲ. ಅಟೆಂಡರ್ ತಾನು ಯಾರೆಂದು ಮೊದಲು ಹೇಳಿಕೊಂಡ, ನೆನಪಿದ್ದುದನ್ನು ಹೇಳಿದ, ಇಲ್ಲದ್ದನ್ನು ಕೇಳಿದ. ಪಕ್ಕದಲ್ಲಿ ನಾನು ಕಳ್ಳನ ಹಾಗೆ ಆ ಹೆಸರನ್ನು ಕಿವಿಗೆ ಹಾಕಿಕೊಂಡೆ. ಈಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಗಂಟೆ ಹೊಡೆಯಿತು, ಅದನ್ನೇ ನೆಪ ಮಾಡಿಕೊಂಡು ಒಳಗೆ ಹೋದೆ.

ಅವರು ಮದುವೆಗೆ ಬಂದರು. ಛತ್ರದ ಬಾಗಿಲಲ್ಲಿ ನಾನು ಅವರನ್ನು ಬೇಕೆಂದೇ ಹೆಸರು ಹಿಡಿದು ಗಟ್ಟಿಯಾಗಿ ಕರೆದು, ಅಪ್ಪನ ಹತ್ತಿರ ಕರೆದುಕೊಂಡು ಹೋದೆ. "ಅಪ್ಪ, ಇವರು" ಎಂದು ಹೇಳಿ ಇನ್ನೊಮ್ಮೆ ಹೆಸರು ಹೇಳಿದೆ. ಅಪ್ಪ ಅವರನ್ನು ಅದುವರೆಗೆ ಕಂಡವನೇ ಅಲ್ಲ.

ಅಪ್ಪ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡ. "ಗೊತ್ತು ಕಣೋ, ನೀನೇನು ಹೇಳೋದು. ನಿಂಗೆ ಜ್ವರ ಬಂದಾಗ ನೀನು ಬರೆದ ಕಾಗದದ ತುಂಬ ಇವರ ಹೆಸರೇ ಇತ್ತಲ್ಲ. ಅವತ್ತಿಂದ ನಾನು ಮರೆತಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ನಾನು ಊಟದ ಎಲೆ ಹಾಕಿಸುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ.