ರಿಯಾಯಿತಿ ಬೇಡವೆಂದ ನಾದಿನಿ

ನನ್ನ ನಾದಿನಿಗೆ, ಅಂದರೆ ತೀರಿಹೋದ ನನ್ನ ಯಜಮಾನರ ತಂಗಿಗೆ, ಹೊಲಿಗೆ ಅಂಗಡಿಯಿತ್ತು. ಬಾಯಿ ಕತ್ತರಿಗಿಂತ ಹರಿತ. ಬ್ಯಾಂಕಿನಲ್ಲಿ ಲಕ್ಷ ಸಾಲ ತೆಗೆದಿದ್ದಳು. ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಅಸಲನ್ನು ಕೈಯಲ್ಲಿ ಆದಾಗ ಕಟ್ಟಬಹುದಿತ್ತು.

ಅವಳು ನಲವತ್ತು ಸಾವಿರ ಅಸಲು ಕಟ್ಟಿದ ಮೇಲೂ ಆ ಪುಣ್ಯಾತ್ಮರು ಐದು ತಿಂಗಳು ಪೂರ್ತಿ ಲಕ್ಷಕ್ಕೇ ಬಡ್ಡಿ ಹಿಡಿದರು. ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಅವಳು ಪತ್ರ ಬರೆದಳು: ‘ಉಳಿದ ಅರವತ್ತು ಸಾವಿರಕ್ಕೆ ತಿಂಗಳಿಗೆ ಆರುನೂರು ಆಗಬೇಕು. ಹಿಡಿದದ್ದು ಸಾವಿರ. ತಿಂಗಳಿಗೆ ನಾನೂರರಂತೆ ಐದು ತಿಂಗಳ ಎರಡು ಸಾವಿರ ವಾಪಸ್ ಕೊಡಿ.’

ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋಗಿ ಅದನ್ನು ಕೊಟ್ಟಳು. ಪತ್ರ ಓದಿದ ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಯಿತು. ತಪ್ಪು ಒಪ್ಪಿದರೆ ಕಿರೀಟ ಬಿದ್ದುಹೋಗುತ್ತದಲ್ಲ!

“ಎರಡು ಸಾವಿರ ರಿಯಾಯಿತಿ ಕೊಡ್ತೀವಮ್ಮ. ಈ ಪತ್ರ ಬಿಟ್ಟು, ದಯವಿಟ್ಟು ಬಡ್ಡಿ ಕಡಿಮೆ ಮಾಡಿ ಅಂತ ಅರ್ಜಿ ಬರ್ಕೊಡಿ,” ಅಂದ.

“ನನ್ನ ದುಡ್ಡು ಕಿತ್ಕೊಂಡು ನಂಗೇ ಭಿಕ್ಷೆ ಹಾಕ್ತೀರಾ?” ಅಂದಳು ನಾದಿನಿ.

ನಾನು ಅವಳ ಮೊಣಕೈ ತಿವಿದೆ. “ಬರ್ಕೊಟ್ಬಿಡೇ, ದುಡ್ಡು ಬಂದ್ರೆ ಸಾಕಲ್ವಾ?”

“ಸುಮ್ನಿರಿ ಅತ್ತಿಗೆ. ಅಸಲು ಅರವತ್ತು ಅಂತ ತಿದ್ದದೇ ಇದ್ರೆ ಮುಂದಿನ ತಿಂಗಳೂ ಇದೇ ಹಾಡು. ಸಾರ್, ಪತ್ರ ತಗೊಂಡ್ವಿ ಅಂತ ನನ್ನ ನಕಲಿನ ಮೇಲೆ ಸೀಲ್ ಹೊಡೀರಿ.”

ಮುಖ ಸಿಂಡರಿಸಿಕೊಂಡು ಹೊಡೆದ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಅಸಲೂ ಸರಿಯಾಗಿತ್ತು, ಎರಡು ಸಾವಿರವೂ ಬಂದಿತ್ತು. ಕ್ಷಮಿಸಿ ಎಂಬ ಒಂದು ಮಾತು ಮಾತ್ರ ಆ ದೊಡ್ಡವರ ಬಾಯಲ್ಲಿ ಹುಟ್ಟಲಿಲ್ಲ.

ಕೆಲ ದಿನಗಳ ಮೇಲೆ ಅದೇ ಮ್ಯಾನೇಜರ್ ಪ್ಯಾಂಟಿನ ಸೊಂಟ ಸಡಿಲಿಸಲು ಅಂಗಡಿಗೆ ಬಂದು, ಕೂಲಿ ಜಾಸ್ತಿಯಾಯಿತೆಂದು ಗೊಣಗಿದ.

“ರಿಯಾಯಿತಿ ಬೇಕಿದ್ರೆ ಅರ್ಜಿ ಬರ್ಕೊಡಿ ಸಾರ್,” ಅಂದಳು ನಾದಿನಿ.